ಮೊದಲು ಲೆಕ್ಕ, ಆಮೇಲೆ ಹಣ: ಪ್ರಕಾಶಕರಿಂದ ಬಾಕಿ ರಾಯಧನ ಪಡೆಯುವ ಬಗೆ

ಕನ್ನಡದ ಲೇಖಕರು ರಾಯಧನ ಕೇಳುವಾಗ ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ನೇರವಾಗಿ ಹಣ ಕೇಳುತ್ತಾರೆ. ಹಣ ಕೇಳಿದರೆ ಪ್ರಕಾಶಕರ ಬಳಿ ಸಿದ್ಧ ಉತ್ತರವಿರುತ್ತದೆ: ಮಾರಾಟ ಕಡಿಮೆ, ಕಾಗದದ ಬೆಲೆ ಏರಿದೆ, ಅಂಗಡಿಯವರು ಬಾಕಿ ಕೊಟ್ಟಿಲ್ಲ. ಇವುಗಳಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂದು ತಿಳಿಯಲು ನಮ್ಮ ಬಳಿ ಏನೂ ಇರುವುದಿಲ್ಲ. ಆದ್ದರಿಂದ ಮೊದಲು ಕೇಳಬೇಕಾದದ್ದು ಲೆಕ್ಕಪಟ್ಟಿ. ಪಟ್ಟಿ ಸರಿಯಾಗಿ ಬಂದರೆ ಬಾಕಿ ಎಷ್ಟು ಎಂಬುದು ಅದರಲ್ಲೇ ಬರೆದಿರುತ್ತದೆ, ಆಮೇಲೆ ವಾದಕ್ಕೆ ಹೆಚ್ಚು ಜಾಗವಿರುವುದಿಲ್ಲ.

ಇನ್ನೊಂದು ಮಾತನ್ನೂ ಆರಂಭದಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ರಾಯಧನವನ್ನು ‘ಗೌರವಧನ’ ಎಂದು ಕರೆಯುವ ರೂಢಿಯಿದೆ. ಪತ್ರದಲ್ಲಿ ಈ ಪದವನ್ನು ಬಳಸಬೇಡಿ. ಗೌರವಧನ ಎಂಬುದು ಕೊಡುವವರ ಇಷ್ಟಕ್ಕೆ ಬಿಟ್ಟದ್ದು. ರಾಯಧನ ಹಾಗಲ್ಲ, ಮಾರಾಟವಾದ ಪ್ರತಿ ಪುಸ್ತಕದ ಮೇಲೆ ಒಪ್ಪಂದದ ಪ್ರಕಾರ ಹುಟ್ಟುವ ಬಾಕಿ.

ನನ್ನದೇ ಒಂದು ಕಥಾಸಂಕಲನದ ಪ್ರಕರಣವನ್ನು ಇಟ್ಟುಕೊಂಡು ಹಂತಹಂತವಾಗಿ ವಿವರಿಸುತ್ತೇನೆ. ಪುಸ್ತಕ 2015ರ ಜುಲೈಯಲ್ಲಿ ಬಂತು. ಮೊದಲ ಮುದ್ರಣ 1000 ಪ್ರತಿ, ಮುಖಬೆಲೆ 180 ರೂಪಾಯಿ. ಒಪ್ಪಂದದಲ್ಲಿ ಎರಡೇ ಪುಟ: ಮಾರಾಟವಾದ ಪ್ರತಿಗಳ ಮುಖಬೆಲೆಯ ಮೇಲೆ ಶೇಕಡ 10 ರಾಯಧನ, ಪ್ರತಿ ವರ್ಷ ಮಾರ್ಚ್ 31ರವರೆಗಿನ ಲೆಕ್ಕವನ್ನು ಜೂನ್ 30ರೊಳಗೆ ಕೊಡುವುದು. ಬಿಡುಗಡೆಯ ದಿನ 5,000 ರೂಪಾಯಿ ಮುಂಗಡ ಬಂತು. ಅದಾದ ಮೇಲೆ ಮೂರೂವರೆ ವರ್ಷ ಒಂದು ಕಾಗದವೂ ಬರಲಿಲ್ಲ.

ದಾಖಲೆ ಜೋಡಿಸುವುದು

ಪತ್ರ ಬರೆಯುವ ಮೊದಲು ಒಂದು ವಾರ ದಾಖಲೆ ಹುಡುಕಲು ಮೀಸಲಿಡಿ. ಒಪ್ಪಂದದ ಪ್ರತಿ, ಮುಂಗಡ ಬಂದ ಬ್ಯಾಂಕ್ ವಿವರ, ಪ್ರಕಾಶಕರೊಂದಿಗಿನ ಇಮೇಲ್ ಮತ್ತು ವಾಟ್ಸ್ಆ್ಯಪ್ ಸಂದೇಶಗಳು, ನೀವೇ ಹಣ ಕೊಟ್ಟು ಅಥವಾ ಕೊಡದೆ ತರಿಸಿಕೊಂಡ ಪ್ರತಿಗಳ ಸಂಖ್ಯೆ, ಇವೆಲ್ಲ ಒಂದು ಕಡತದಲ್ಲಿರಲಿ. ಕೊನೆಯದನ್ನು ಮರೆಯಬೇಡಿ. ಊರಿನ ಕಾರ್ಯಕ್ರಮಕ್ಕೆಂದು ತರಿಸಿಕೊಂಡ ಪ್ರತಿಗಳ ಹಣ ನಮ್ಮ ಕಡೆಯಿಂದಲೇ ಬಾಕಿ ಉಳಿದಿರುತ್ತದೆ. ಪ್ರಕಾಶಕರು ಅದನ್ನು ಮೊದಲ ಉತ್ತರದಲ್ಲೇ ಎತ್ತುತ್ತಾರೆ. ನಾನು 50 ಪ್ರತಿಗಳನ್ನು ಶೇಕಡ 40 ರಿಯಾಯಿತಿಯಲ್ಲಿ ತೆಗೆದುಕೊಂಡಿದ್ದೆ, ಹಣ ಕೊಟ್ಟಿರಲಿಲ್ಲ. ಪ್ರತಿಗೆ 108 ರೂಪಾಯಿಯಂತೆ 5,400 ರೂಪಾಯಿ ನನ್ನ ಮೇಲಿತ್ತು.

ಎಲ್ಲಕ್ಕಿಂತ ಮುಖ್ಯವಾದ ದಾಖಲೆ ಪುಸ್ತಕದ ಒಳಗೇ ಇದೆ. ಶೀರ್ಷಿಕೆ ಪುಟದ ಹಿಂದೆ ಮುದ್ರಣದ ವಿವರ ಇರುತ್ತದೆ: ಯಾವ ವರ್ಷ, ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಬೆಲೆ, ಹಕ್ಕು ಯಾರದು. ಅಂಗಡಿಯಲ್ಲಿ ನಿಮ್ಮ ಪುಸ್ತಕ ಕಂಡಾಗಲೆಲ್ಲ ಆ ಪುಟವನ್ನು ತೆರೆದು ನೋಡಿ. 2018ರ ಕೊನೆಯಲ್ಲಿ ಮೈಸೂರಿನ ಒಂದು ಅಂಗಡಿಯಲ್ಲಿ ನಾನು ಹಾಗೆ ನೋಡಿದಾಗ ‘ಎರಡನೇ ಮುದ್ರಣ: 2017, ಪ್ರತಿಗಳು: 500, ಬೆಲೆ: ರೂ. 200’ ಎಂದಿತ್ತು. ನನಗೆ ಯಾರೂ ತಿಳಿಸಿರಲಿಲ್ಲ. ಆ ಪ್ರತಿಯನ್ನು ಬಿಲ್ ಪಡೆದು ಕೊಂಡುಕೊಂಡೆ. ಮೊದಲ ಮುದ್ರಣ ಬಹುಪಾಲು ಮುಗಿಯದೆ ಯಾವ ಪ್ರಕಾಶಕರೂ ಎರಡನೆಯದಕ್ಕೆ ಕಾಗದ ತರುವುದಿಲ್ಲ. ‘ಪುಸ್ತಕ ಓಡಲೇ ಇಲ್ಲ’ ಎಂಬ ಮಾತಿಗೆ ಆ ಒಂದು ಸಾಲಿಗಿಂತ ಬಲವಾದ ಉತ್ತರ ಬೇರೆ ಇಲ್ಲ.

ಲಿಖಿತ ಒಪ್ಪಂದವೇ ಇಲ್ಲದವರು ಧೈರ್ಯಗೆಡಬೇಕಾಗಿಲ್ಲ. ಕನ್ನಡದಲ್ಲಿ ಬಾಯಿಮಾತಿನ ಮೇಲೆ ಬಂದ ಪುಸ್ತಕಗಳು ಬಹಳ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಲೇಖಕರ ಸಹಿಯಿರುವ ಬರಹವಿಲ್ಲದೆ ಹಕ್ಕಿನ ವರ್ಗಾವಣೆ ಸಿಂಧುವಾಗುವುದಿಲ್ಲ. ಅಂದರೆ ಒಪ್ಪಂದ ಇಲ್ಲದಿದ್ದರೆ ಹಕ್ಕು ನಿಮ್ಮ ಬಳಿಯೇ ಇದೆ, ನಿಮ್ಮನ್ನು ಕೇಳದೆ ಮಾಡಿದ ಮರುಮುದ್ರಣಕ್ಕೆ ಸಮರ್ಥನೆ ಕೊಡಬೇಕಾದವರು ಪ್ರಕಾಶಕರು. ಒಪ್ಪಂದವಿದ್ದೂ ಅದರಲ್ಲಿ ಕಾಲಾವಧಿ ಬರೆದಿಲ್ಲದಿದ್ದರೆ, ವರ್ಗಾವಣೆಯ ದಿನದಿಂದ ಐದು ವರ್ಷ ಎಂದು ಅದೇ ಕಲಂ ಹೇಳುತ್ತದೆ. ಬಾಯಿಮಾತಿನ ಪ್ರಕರಣದಲ್ಲಿ ರಾಯಧನದ ದರ ಎಷ್ಟೆಂದು ತೋರಿಸುವುದು ಕಷ್ಟದ ಭಾಗ. ಹಿಂದೆ ಬಂದ ಒಂದು ಚೆಕ್, ‘ಹತ್ತು ಪರ್ಸೆಂಟ್ ಕೊಡೋಣ’ ಎಂಬ ಒಂದು ಸಂದೇಶ, ಅದೇ ಪ್ರಕಾಶಕರು ನಿಮ್ಮ ಬೇರೆ ಪುಸ್ತಕಕ್ಕೆ ಕೊಟ್ಟ ದರ, ಇಂಥದ್ದು ಏನಾದರೂ ಸಿಗುತ್ತದೆಯೇ ನೋಡಿ.

ಗಡುವಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಲೇಖಕರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಈ ಜಾಗದಲ್ಲಿ. ಬಾಕಿ ಹಣಕ್ಕೆ ದಾವೆ ಹೂಡಲು ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷ ಕೊಡುತ್ತದೆ. ನನ್ನ ಒಪ್ಪಂದದಂತೆ 2015–16ರ ರಾಯಧನ 2016ರ ಜೂನ್ 30ಕ್ಕೆ ಸಲ್ಲಬೇಕಿತ್ತು. ಹಾಗಾಗಿ ಆ ವರ್ಷದ ಬಾಕಿಗೆ 2019ರ ಜೂನ್ ಅಂತ್ಯವೇ ಗಡುವು. ನಾನು ಎಚ್ಚೆತ್ತಾಗ ಉಳಿದಿದ್ದದ್ದು ಐದೇ ತಿಂಗಳು.

ನಾವು ಪತ್ರ ಬರೆದರೆ, ವಕೀಲರಿಂದ ನೋಟಿಸ್ ಕಳಿಸಿದರೆ ಗಡುವು ಮುಂದೆ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಹೋಗುವುದಿಲ್ಲ. ಗಡುವು ಮುಂದೆ ಹೋಗುವುದು ಪ್ರಕಾಶಕರು ಬಾಕಿಯನ್ನು ಒಪ್ಪಿಕೊಂಡು ಬರೆದು ಸಹಿ ಮಾಡಿದಾಗ. ಅದೂ ಆ ಮೂರು ವರ್ಷ ಮುಗಿಯುವುದರೊಳಗೆ. ಅಂಥ ಬರಹಕ್ಕೆ ಸಹಿಯಾದ ದಿನದಿಂದ ಮತ್ತೆ ಮೂರು ವರ್ಷ ಎಣಿಸಬಹುದು. ಮೊತ್ತ ನಿಖರವಾಗಿ ಇರಬೇಕೆಂದಿಲ್ಲ, ಬಾಕಿ ಇದೆ ಎಂಬ ಒಪ್ಪಿಗೆ ಸಾಕು. ಲೆಕ್ಕಪಟ್ಟಿಯನ್ನು ಮೊದಲು ಕೇಳಿ ಎಂದು ನಾನು ಹಟ ಹಿಡಿಯುವುದಕ್ಕೆ ಇದು ಎರಡನೆಯ ಕಾರಣ. ಸಹಿ ಮಾಡಿದ ಲೆಕ್ಕಪಟ್ಟಿಯೇ ಆ ಒಪ್ಪಿಗೆಯಾಗುತ್ತದೆ. ಫೋನಿನಲ್ಲಿ ಹತ್ತು ಬಾರಿ ‘ಕೊಡುತ್ತೇನೆ’ ಎಂದರೂ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮೊದಲ ಪತ್ರ

ಪತ್ರ ಒಂದು ಪುಟ ಮೀರಬಾರದು. ದೂರು, ನೋವು, ಸಾಹಿತ್ಯ ಸೇವೆಯ ಮಾತು ಬೇಡ. ಮೊದಲ ಪತ್ರದಲ್ಲಿ ಮೊತ್ತವನ್ನೂ ಬರೆಯಬೇಡಿ. ಮೊತ್ತ ಬರೆದರೆ ಚೌಕಾಸಿ ಆ ಸಂಖ್ಯೆಯ ಸುತ್ತ ಶುರುವಾಗುತ್ತದೆ, ಲೆಕ್ಕ ಹಿಂದೆ ಬೀಳುತ್ತದೆ. 2019ರ ಫೆಬ್ರವರಿ 11ರಂದು ನಾನು ಬರೆದದ್ದು ಹೀಗಿತ್ತು:

> ಮಾನ್ಯರೇ,
>
> ತಾವು ಪ್ರಕಟಿಸಿದ ನನ್ನ ಕಥಾಸಂಕಲನದ ಬಗ್ಗೆ 2015ರ ಜೂನ್‌ನಲ್ಲಿ ನಮ್ಮಿಬ್ಬರ ನಡುವೆ ಆದ ಒಪ್ಪಂದದ 4ನೇ ಅಂಶದಂತೆ ಪ್ರತಿ ವರ್ಷ ಜೂನ್ 30ರೊಳಗೆ ಮಾರಾಟದ ಲೆಕ್ಕ ಮತ್ತು ರಾಯಧನ ನನಗೆ ಸಲ್ಲಬೇಕು. 2015–16ರಿಂದ ಇದುವರೆಗೆ ಯಾವ ವರ್ಷದ ಲೆಕ್ಕವೂ ನನಗೆ ತಲುಪಿಲ್ಲ. 2017ರಲ್ಲಿ ಎರಡನೇ ಮುದ್ರಣವಾಗಿರುವುದು ಪುಸ್ತಕದ ಮುದ್ರಣ ವಿವರದಿಂದ ತಿಳಿದುಬಂದಿದೆ.
>
> ಆದ್ದರಿಂದ ಎರಡೂ ಮುದ್ರಣಗಳಿಗೆ ಪ್ರತ್ಯೇಕವಾಗಿ ಈ ವಿವರಗಳಿರುವ, ವರ್ಷವಾರು, ಸಹಿ ಮಾಡಿದ ಲೆಕ್ಕಪಟ್ಟಿಯನ್ನು ಕಳುಹಿಸಬೇಕಾಗಿ ಕೋರುತ್ತೇನೆ: ಮುದ್ರಿಸಿದ ಪ್ರತಿಗಳು, ಉಚಿತವಾಗಿ ಹಂಚಿದ ಪ್ರತಿಗಳು, ಗ್ರಂಥಾಲಯ ಇಲಾಖೆಗೆ ಸರಬರಾಜಾದ ಪ್ರತಿಗಳು, ಅಂಗಡಿ, ಮೇಳ ಮತ್ತು ಆನ್‌ಲೈನ್ ಮೂಲಕ ಮಾರಾಟವಾದ ಪ್ರತಿಗಳು, ಹಾನಿಯಾದ ಪ್ರತಿಗಳು, ಈಗ ದಾಸ್ತಾನಿನಲ್ಲಿರುವ ಪ್ರತಿಗಳು.
>
> ನನಗೆ ಸಂದ 5,000 ರೂಪಾಯಿ ಮುಂಗಡ ಮತ್ತು ನಾನು ಪಡೆದ 50 ಪ್ರತಿಗಳ ಬಾಬ್ತು 5,400 ರೂಪಾಯಿಯನ್ನು ಲೆಕ್ಕದಲ್ಲಿ ಕಳೆಯಬಹುದು. ಈ ಪತ್ರ ತಲುಪಿದ 30 ದಿನಗಳಲ್ಲಿ ಲೆಕ್ಕಪಟ್ಟಿ ನಿರೀಕ್ಷಿಸುತ್ತೇನೆ.
>
> ವಂದನೆಗಳೊಂದಿಗೆ,

ನನ್ನ ಬಾಕಿಯನ್ನು ನಾನೇ ಬರೆದದ್ದನ್ನು ಗಮನಿಸಿ. ಅದನ್ನು ಅವರ ಬಾಯಿಂದ ಬರಲು ಬಿಟ್ಟರೆ ಮಾತು ಅದರ ಮೇಲೆಯೇ ನಿಲ್ಲುತ್ತದೆ. ಪತ್ರವನ್ನು ಸ್ವೀಕೃತಿ ಸಿಗುವ ಅಂಚೆಯಲ್ಲಿ ಕಳುಹಿಸಿ, ಅದರ ಫೋಟೊವನ್ನು ಇಮೇಲ್‌ಗೂ ಹಾಕಿ. ಅಂಚೆಯ ರಸೀದಿ ಮತ್ತು ತಲುಪಿದ ದಿನಾಂಕದ ವಿವರವನ್ನು ಕಡತಕ್ಕೆ ಸೇರಿಸಿ.

‘ಗ್ರಂಥಾಲಯದ ಹಣ ಬಂದಿಲ್ಲ’

ಪತ್ರಕ್ಕೆ ಉತ್ತರ ಬರಲಿಲ್ಲ, ಫೋನ್ ಬಂತು. ಬಹುತೇಕ ಪ್ರಕರಣಗಳಲ್ಲಿ ಹೀಗೆಯೇ ಆಗುತ್ತದೆ. “ಗ್ರಂಥಾಲಯದ ಹಣ ಇನ್ನೂ ಬಂದಿಲ್ಲ ಮೇಷ್ಟ್ರೇ, ಬಂದ ಕೂಡಲೇ ನಿಮಗೇ ಮೊದಲು ಕೊಡುತ್ತೇನೆ” ಎಂದರು. ಈ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಕನ್ನಡದ ಸಣ್ಣ ಪ್ರಕಾಶಕರ ಉಸಿರು. ಒಂದು ಶೀರ್ಷಿಕೆಯ 300 ಪ್ರತಿ ಒಮ್ಮೆಗೇ ಹೋಗುತ್ತದೆ, ಹಣ ಮಾತ್ರ ವರ್ಷಗಟ್ಟಲೆ ತಡವಾಗುವುದುಂಟು. ಆ ಸಂಕಟ ನಿಜ. ಆದರೆ ಅದೇ ಕಾರಣಕ್ಕೆ, ಹಣ ಬಂದ ಮೇಲೂ ಹೇಳಲು ಇದಕ್ಕಿಂತ ಅನುಕೂಲದ ನೆಪ ಇನ್ನೊಂದಿಲ್ಲ.

ಫೋನ್ ಮುಗಿದ ಹತ್ತು ನಿಮಿಷದೊಳಗೆ ಇಮೇಲ್ ಬರೆಯಿರಿ: “ಈಗ ತಾವು ಫೋನಿನಲ್ಲಿ ತಿಳಿಸಿದಂತೆ, ಗ್ರಂಥಾಲಯ ಇಲಾಖೆಯಿಂದ ಹಣ ಬಾರದಿರುವುದರಿಂದ ರಾಯಧನ ಬಾಕಿ ಉಳಿದಿದೆ. ಹಾಗಿದ್ದರೂ ಮಾರಾಟದ ಲೆಕ್ಕಪಟ್ಟಿ ಕೊಡಲು ಅಡ್ಡಿಯಿಲ್ಲವಾದ್ದರಿಂದ ದಯವಿಟ್ಟು ಕಳುಹಿಸಿಕೊಡಿ.” ಇದಕ್ಕೆ ‘ಆಗಲಿ’ ಎಂಬ ಒಂದು ಪದದ ಉತ್ತರ ಬಂದರೂ ಅದು ನಿಮ್ಮ ಕಡತಕ್ಕೆ ಸೇರುವ ದಾಖಲೆ.

ಇನ್ನು ಹಣ ನಿಜಕ್ಕೂ ಬಂದಿಲ್ಲವೇ ಎಂದು ತಿಳಿಯುವ ದಾರಿ ಲೇಖಕರ ಕೈಯಲ್ಲೇ ಇದೆ, ಬಳಸುವವರು ಕಡಿಮೆ. ಗ್ರಂಥಾಲಯ ಇಲಾಖೆ ಖರ್ಚು ಮಾಡುವುದು ಸಾರ್ವಜನಿಕ ಹಣ. ಹಾಗಾಗಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಶುಲ್ಕ 10 ರೂಪಾಯಿ, ಅಂಚೆಯಲ್ಲಿ ಕಳುಹಿಸುವುದಾದರೆ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಉದ್ದದ ಅರ್ಜಿಗಳು ತಿರಸ್ಕಾರವಾಗುವುದು ಇದೇ ಕಾರಣಕ್ಕೆ. ಇಲಾಖೆಯ ನಿರ್ದೇಶಕರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನಾನು ಕೇಳಿದ್ದು ಮೂರೇ ಪ್ರಶ್ನೆ: ಈ ಹೆಸರಿನ, ಈ ಲೇಖಕರ, ಈ ಪ್ರಕಾಶನದ ಪುಸ್ತಕವನ್ನು ಸಗಟು ಖರೀದಿಯಲ್ಲಿ ಎಷ್ಟು ಪ್ರತಿ, ಯಾವ ದರದಲ್ಲಿ ಕೊಂಡಿದ್ದೀರಿ? ಸರಬರಾಜಾದ ದಿನಾಂಕ ಯಾವುದು? ಹಣ ಪಾವತಿಯಾದ ದಿನಾಂಕ ಮತ್ತು ಮೊತ್ತ ಎಷ್ಟು?

ಉತ್ತರಕ್ಕೆ 30 ದಿನದ ಗಡುವಿದೆ. ಬಾರದಿದ್ದರೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ನನಗೆ ಏಪ್ರಿಲ್ ಕೊನೆಯ ವಾರ ಉತ್ತರ ಬಂತು: 300 ಪ್ರತಿ, ಪ್ರತಿಗೆ 110 ರೂಪಾಯಿ, ಹಣ ಪಾವತಿಯಾಗಿ ಒಂದು ವರ್ಷ ದಾಟಿತ್ತು. ನಾನು ಆ ಉತ್ತರದ ನಕಲನ್ನು ಎರಡು ಸಾಲಿನ ಪತ್ರದೊಂದಿಗೆ ಪ್ರಕಾಶಕರಿಗೆ ಕಳುಹಿಸಿದೆ. ಆರೋಪದ ಒಂದು ಪದವನ್ನೂ ಬರೆಯಲಿಲ್ಲ. ಆ ಕಾಗದ ತಾನೇ ಮಾತಾಡುತ್ತಿತ್ತು.

ಬಂದ ಪಟ್ಟಿಯನ್ನು ಓದುವುದು

ಮೇ ಮೊದಲ ವಾರ ಮೊದಲ ಲೆಕ್ಕಪಟ್ಟಿ ಬಂತು. ಮೊದಲ ಮುದ್ರಣದಲ್ಲಿ ಗ್ರಂಥಾಲಯಕ್ಕೆ 300, ಇತರ ಮಾರಾಟ 320, ಉಚಿತ 40. ಒಟ್ಟು ಮಾರಾಟ 620. ದಾಸ್ತಾನಿನ ಕಾಲಂ ಇರಲೇ ಇಲ್ಲ.

ಪಟ್ಟಿಯನ್ನು ಪರೀಕ್ಷಿಸಲು ಒಂದೇ ಸಮೀಕರಣ ಸಾಕು: ಮುದ್ರಿಸಿದ ಪ್ರತಿಗಳು, ಮಾರಿದ್ದು, ಉಚಿತ ಕೊಟ್ಟದ್ದು, ಹಾಳಾದದ್ದು, ಉಳಿದದ್ದು ಇವುಗಳ ಮೊತ್ತಕ್ಕೆ ಸಮನಾಗಬೇಕು. 620ಕ್ಕೆ 40 ಸೇರಿಸಿದರೆ 660. ಹಾಗಾದರೆ 340 ಪ್ರತಿ ಗೋದಾಮಿನಲ್ಲಿ ಇರಬೇಕಿತ್ತು. 340 ಪ್ರತಿ ಇಟ್ಟುಕೊಂಡು 2017ರಲ್ಲಿ ಇನ್ನೂ 500 ಮುದ್ರಿಸಿದ್ದು ಏಕೆ? ನಾನು ಪತ್ರದಲ್ಲಿ ಕೇಳಿದ್ದು ಈ ಒಂದೇ ಪ್ರಶ್ನೆ.

ಉತ್ತರದಲ್ಲಿ ಮೋಸಕ್ಕಿಂತ ರೂಢಿಯೇ ಹೆಚ್ಚಾಗಿತ್ತು ಎಂದು ನನಗೆ ಅನಿಸಿತು. ಜಿಲ್ಲೆಗಳ ಅಂಗಡಿಗಳಿಗೆ ಉದ್ರಿಯ ಮೇಲೆ ಹೋದ 335 ಪ್ರತಿಗಳನ್ನು ಅವರು ‘ಮಾರಾಟ’ ಎಂದು ಎಣಿಸಿರಲಿಲ್ಲ, ಏಕೆಂದರೆ ಕೆಲವು ಅಂಗಡಿಗಳಿಂದ ಹಣ ಬಂದಿರಲಿಲ್ಲ. ಉಳಿದ 5 ಪ್ರತಿ ನೀರು ಬಿದ್ದು ಹಾಳಾಗಿದ್ದವು. ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಅಂಗಡಿಗೆ ಮಾರಾಟಕ್ಕೆಂದು ಬಿಟ್ಟು, ಮಾರಾಟವಾಗದೆ ವಾಪಸು ಬರಬಹುದಾದ ಪ್ರತಿಗೆ ರಾಯಧನ ಕೇಳುವುದು ನ್ಯಾಯವಲ್ಲ. ಆದರೆ ಮಾರಾಟವಾಗಿಯೂ ಅಂಗಡಿಯವರು ಹಣ ಕೊಟ್ಟಿಲ್ಲವೆಂದರೆ, ಆ ಉದ್ರಿಯನ್ನು ಕೊಟ್ಟವರು ಪ್ರಕಾಶಕರು. ಒಪ್ಪಂದ ‘ಮಾರಾಟವಾದ ಪ್ರತಿ’ ಎನ್ನುತ್ತದೆಯೇ ಹೊರತು ‘ಹಣ ಬಂದ ಪ್ರತಿ’ ಎನ್ನುವುದಿಲ್ಲ. ಎರಡು ವರ್ಷ ಕಳೆದರೂ ವಾಪಸು ಬಾರದ ಆ 335 ಪ್ರತಿಗಳನ್ನು ಮಾರಾಟಕ್ಕೆ ಸೇರಿಸಲು ಅವರು ಒಪ್ಪಿದರು.

ಎರಡನೆಯ ತಕರಾರು ಗ್ರಂಥಾಲಯದ ಪ್ರತಿಗಳ ಮೇಲೆ. ಇಲಾಖೆ ಕೊಟ್ಟದ್ದು 110 ರೂಪಾಯಿ. ಅದರ ಶೇಕಡ 10 ಎಂದು ಪ್ರತಿಗೆ 11 ರೂಪಾಯಿ ಹಾಕಿದ್ದರು. ಒಪ್ಪಂದದಲ್ಲಿ ‘ಮುಖಬೆಲೆಯ ಮೇಲೆ’ ಎಂದಿದೆ, 180ರ ಮೇಲೆ 18 ರೂಪಾಯಿ ಆಗಬೇಕು. 300 ಪ್ರತಿಗೆ 2,100 ರೂಪಾಯಿಯ ವ್ಯತ್ಯಾಸ. ನಿಮ್ಮ ಒಪ್ಪಂದದಲ್ಲಿ ‘ನಿವ್ವಳ ಆದಾಯದ ಮೇಲೆ’ ಎಂದಿದ್ದರೆ ಅವರ ಲೆಕ್ಕವೇ ಸರಿ. ಆದ್ದರಿಂದ ವಾದಕ್ಕಿಳಿಯುವ ಮೊದಲು ಆ ಒಂದು ಪದವನ್ನು ಓದಿಕೊಳ್ಳಿ.

ತಿದ್ದಿದ ಪಟ್ಟಿ ಮೇ 28ಕ್ಕೆ ಸಹಿಯೊಂದಿಗೆ ಬಂತು. ಮೊದಲ ಮುದ್ರಣದಲ್ಲಿ 955 ಪ್ರತಿ ಮಾರಾಟ, 18 ರೂಪಾಯಿಯಂತೆ 17,190. ಎರಡನೆಯದರಲ್ಲಿ 5 ಪ್ರತಿ ಉಚಿತ, 312 ಮಾರಾಟ, 183 ದಾಸ್ತಾನು. 20 ರೂಪಾಯಿಯಂತೆ 6,240. ಒಟ್ಟು 23,430. ಇದರಲ್ಲಿ ಮುಂಗಡ 5,000 ಮತ್ತು ನಾನು ಪಡೆದ ಪ್ರತಿಗಳ 5,400 ಕಳೆದು ಬಾಕಿ 13,030 ರೂಪಾಯಿ. ಜೂನ್ 30ರ ಗಡುವಿಗೆ ಒಂದು ತಿಂಗಳು ಇರುವಾಗಲೇ ಸಹಿ ಸಿಕ್ಕಿದ್ದರಿಂದ 2015–16ರ ಬಾಕಿಯನ್ನು ಕೇಳುವ ಹಕ್ಕೂ ಉಳಿಯಿತು.

ಪಟ್ಟಿಯೂ ಬಾರದಿದ್ದರೆ

ಎರಡು ಪತ್ರಕ್ಕೂ ಉತ್ತರವಿಲ್ಲದಿದ್ದರೆ ಮೂರನೆಯದು ವಕೀಲರ ನೋಟಿಸ್ ಆಗಿರಲಿ. ಅದರಲ್ಲಿ ಮೊತ್ತ ಬರೆಯಬೇಕಾಗುತ್ತದೆ. ಲೆಕ್ಕ ಸಿಗದಿದ್ದಾಗ ಅಂದಾಜಿಗೆ ಮುದ್ರಣ ಸಂಖ್ಯೆಯೇ ಆಧಾರ. ನನ್ನ ಪ್ರಕರಣದಲ್ಲಾದರೆ ಎರಡನೇ ಮುದ್ರಣ ಆಗಿರುವುದರಿಂದ ಮೊದಲನೆಯದು ಮುಗಿದಿದೆ ಎಂದು ಹಿಡಿದು, 40 ಉಚಿತ ಪ್ರತಿ ಬಿಟ್ಟು 960 ಪ್ರತಿಗೆ 17,280 ರೂಪಾಯಿ ಎಂದು ಬರೆಯಬಹುದಿತ್ತು. ‘ಇದಕ್ಕಿಂತ ಕಡಿಮೆ ಎನ್ನುವುದಾದರೆ ಲೆಕ್ಕ ತೋರಿಸಿ’ ಎಂಬ ಹೊಣೆ ಆಗ ಅವರ ಮೇಲೆ ಬೀಳುತ್ತದೆ. ಜೊತೆಗೆ, ಹಕ್ಕು ನಿಮ್ಮದೇ ಆಗಿದ್ದರೆ, ಬಾಕಿ ತೀರುವವರೆಗೆ ಮರುಮುದ್ರಣಕ್ಕೆ ಅನುಮತಿಯಿಲ್ಲ ಎಂಬ ಸಾಲನ್ನೂ ಸೇರಿಸಿ. ಮಾರಾಟವಾಗುತ್ತಿರುವ ಪುಸ್ತಕದ ವಿಷಯದಲ್ಲಿ ಈ ಸಾಲಿಗೆ ನೋಟಿಸಿನ ಉಳಿದೆಲ್ಲ ಸಾಲಿಗಿಂತ ಹೆಚ್ಚು ತೂಕ.

ಹತ್ತಿಪ್ಪತ್ತು ಸಾವಿರಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಖರ್ಚು ಬಾಕಿಯನ್ನೇ ಮೀರಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ದಾವೆ ಹೂಡುವ ಮೊದಲೇ ವಿಷಯವನ್ನು ಲೋಕ ಅದಾಲತ್‌ನ ಮುಂದೆ ತರಬಹುದು. ಶುಲ್ಕವಿಲ್ಲ. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿರುತ್ತದೆ. ಆದರೆ ಎದುರಿನವರು ಬರಬೇಕು, ಒಪ್ಪಬೇಕು; ಬಾರದಿದ್ದರೆ ಸಿವಿಲ್ ದಾವೆಯೊಂದೇ ದಾರಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅದೇ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಮೊತ್ತ ದೊಡ್ಡದಾಗಿದ್ದು ಹಕ್ಕನ್ನು ಲಿಖಿತವಾಗಿ ಬಿಟ್ಟುಕೊಟ್ಟಿದ್ದರೆ ಕೃತಿಸ್ವಾಮ್ಯ ಕಾಯ್ದೆಯ 19ಎ ಕಲಂ ಇದೆ. ರಾಯಧನ ವಸೂಲಿಗೆ ಆದೇಶಿಸುವ ಆ ಅಧಿಕಾರ 2021ರಿಂದ ವಾಣಿಜ್ಯ ನ್ಯಾಯಾಲಯದ್ದು.

ಹಣ ಪಡೆಯುವಾಗ

ಹಣ ಒಮ್ಮೆಗೇ ಕೊಡಲಾಗದು ಎಂದರೆ ಕಂತು ಒಪ್ಪಿಕೊಳ್ಳಿ, ಆದರೆ ದಿನಾಂಕಗಳು ಬರಹದಲ್ಲಿರಲಿ. ನನಗೆ ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ ಎರಡು ಕಂತಿನಲ್ಲಿ ಬಂತು. ಹಣದ ಬದಲು ಪುಸ್ತಕ ಕೊಡುತ್ತೇವೆ ಎಂಬ ಮಾತು ಬಂದರೆ, ನೀವು ನಿಜವಾಗಿ ಮಾರಬಲ್ಲಷ್ಟು ಪ್ರತಿಗೆ ಮಾತ್ರ ಒಪ್ಪಿ, ಅದನ್ನೂ ಮುಖಬೆಲೆಗೆ ಅಲ್ಲ, ಅಂಗಡಿಯವರಿಗೆ ಕೊಡುವ ರಿಯಾಯಿತಿ ಬೆಲೆಗೆ ಕಳೆಯಲು ಹೇಳಿ. ತೆರಿಗೆ ಮುರಿದುಕೊಂಡಿದ್ದೇವೆ ಎಂದರೆ ಅದು ನಿಮ್ಮ ಪ್ಯಾನ್ ಸಂಖ್ಯೆಯ 26ಎಎಸ್ ನಮೂನೆಯಲ್ಲಿ ಕಾಣಬೇಕು; ಕಾಣದಿದ್ದರೆ ಮುರಿದ ಹಣ ಸರ್ಕಾರಕ್ಕೆ ಇನ್ನೂ ಸೇರಿಲ್ಲವೆಂದು ತಿಳಿದು ವಿಚಾರಿಸಿ.

ರಸೀದಿಗೆ ಸಹಿ ಹಾಕುವಾಗ ಅದರಲ್ಲಿರುವ ಪದಗಳನ್ನು ಓದಿ. ನನ್ನ ಮುಂದೆ ಬಂದ ರಸೀದಿಯಲ್ಲಿ ‘ಈ ಪುಸ್ತಕದ ರಾಯಧನದ ಪೂರ್ಣ ಮತ್ತು ಅಂತಿಮ ಪಾವತಿ’ ಎಂದಿತ್ತು. ಅದನ್ನು ಹೊಡೆದುಹಾಕಿ, ‘2019ರ ಮಾರ್ಚ್ 31ರವರೆಗಿನ ರಾಯಧನ, ಎರಡನೇ ಮುದ್ರಣದ 183 ಪ್ರತಿ ದಾಸ್ತಾನಿನಲ್ಲಿದೆ’ ಎಂದು ಬರೆದು ಇಬ್ಬರೂ ಸಹಿ ಮಾಡಿದೆವು. ಮುಂದಿನ ವರ್ಷದ ಲೆಕ್ಕಪಟ್ಟಿ ಜೂನ್‌ನಲ್ಲಿ ಕೇಳದೆಯೇ ಬಂತು, ಅದರ ಮೊದಲ ಸಾಲಿನಲ್ಲಿ ಆರಂಭದ ದಾಸ್ತಾನು 183 ಎಂದು ಬರೆದಿತ್ತು.